ಬಜೆಟ್ ಏರಿತು, ರೋಗಿಗಳು ಕಾಣೆಯಾದರು: ಘಾನಾದ ಒಂದು ಪಾಠ

ಐಎಂಎಫ್ ಮತ್ತು ವಿಶ್ವಬ್ಯಾಂಕ್ ಸಾಲ ಕೊಡುವಾಗ ಹಾಕುವ ಷರತ್ತುಗಳಿಗೆ ‘ರಚನಾತ್ಮಕ ಹೊಂದಾಣಿಕೆ’ ಅಂತ ಹೆಸರು. ರೂಪಾಯಿಯೋ ಮತ್ತೊಂದೋ ಆ ದೇಶದ ನಾಣ್ಯದ ಬೆಲೆ ಇಳಿಸು, ಸಬ್ಸಿಡಿ ಕಡಿಮೆ ಮಾಡು, ಸರಕಾರದ ಖರ್ಚಿಗೆ ಕಡಿವಾಣ ಹಾಕು ಎಂಬುದು ಅದರ ಸಾರ. ಈ ಷರತ್ತುಗಳಿಂದ ಬಡದೇಶಗಳ ಆರೋಗ್ಯ ಬಜೆಟ್ ಕುಸಿದುಹೋಯಿತು ಎನ್ನುವುದು ನಾವೆಲ್ಲ ಕೇಳಿಕೊಂಡು ಬಂದ ಮಾತು. ಹಲವು ಕಡೆ ಅದು ನಿಜವೂ ಹೌದು. ಆದರೆ ಪಶ್ಚಿಮ ಆಫ್ರಿಕಾದ ಘಾನಾದ ಲೆಕ್ಕಪುಸ್ತಕ ತೆರೆದರೆ ಈ ಮಾತು ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ. ಅಲ್ಲಿ ಬಜೆಟ್ ಕುಸಿದದ್ದು ಹೊಂದಾಣಿಕೆ ಶುರುವಾಗುವುದಕ್ಕೂ ಮೊದಲೇ.

1970ರ ದಶಕದುದ್ದಕ್ಕೂ ಘಾನಾ ಒಳಗಿಂದಲೇ ಕರಗುತ್ತಿತ್ತು. ದೇಶದ ಮುಖ್ಯ ಆದಾಯ ಕೋಕೋ ಬೆಳೆ. ಸರಕಾರ ತನ್ನ ನಾಣ್ಯವಾದ ಸೇಡಿಯ ಬೆಲೆಯನ್ನು ಡಾಲರಿಗೆ 2.75 ಅಂತ ಕೃತಕವಾಗಿ ಕಟ್ಟಿಹಾಕಿತ್ತು. ಆ ದರದಲ್ಲಿ ಸರಕಾರಕ್ಕೆ ಕೋಕೋ ಮಾರಿದರೆ ರೈತನ ಕೈಗೆ ಏನೂ ಸಿಗುತ್ತಿರಲಿಲ್ಲ. ಹಾಗಾಗಿ ಮಾಲು ಗಡಿ ದಾಟಿ ಕಳ್ಳದಾರಿಯಲ್ಲಿ ಹೋಗುತ್ತಿತ್ತು. ತೆರಿಗೆ ಬರಲಿಲ್ಲ, ಆಸ್ಪತ್ರೆಗೆ ಔಷಧಿ ಬರಲಿಲ್ಲ. ವೈದ್ಯರು ದೊಡ್ಡ ಸಂಖ್ಯೆಯಲ್ಲಿ ದೇಶ ಬಿಟ್ಟರು. 1983ರಲ್ಲಂತೂ ಬರಗಾಲ, ಕಾಳ್ಗಿಚ್ಚು, ಸಾಲದ್ದಕ್ಕೆ ನೈಜೀರಿಯಾ ಹೊರಹಾಕಿದ ಸುಮಾರು ಹತ್ತು ಲಕ್ಷ ಘಾನಿಯನ್ನರು ವಾಪಸ್ ಬಂದರು. ಬೆಲೆಗಳು ಒಂದೇ ವರ್ಷದಲ್ಲಿ ಎರಡು ಪಟ್ಟಿಗಿಂತ ಹೆಚ್ಚಾದವು. ಅಷ್ಟೊತ್ತಿಗೆ ತಲಾ ಆರೋಗ್ಯ ಖರ್ಚು, ಬೆಲೆಯೇರಿಕೆ ಕಳೆದು ನೋಡಿದರೆ, ಎಪ್ಪತ್ತರ ದಶಕದ ಮಧ್ಯಭಾಗದಲ್ಲಿದ್ದದ್ದರ ಸುಮಾರು ಕಾಲುಭಾಗಕ್ಕೆ ಬಂದು ನಿಂತಿತ್ತು.

ಎಡಪಂಥೀಯ ಮಾತಾಡುತ್ತಲೇ ಅಧಿಕಾರ ಹಿಡಿದಿದ್ದ ಜೆರಿ ರಾಲಿಂಗ್ಸ್ 1983ರಲ್ಲಿ ಐಎಂಎಫ್ ಕಾರ್ಯಕ್ರಮಕ್ಕೆ ಸಹಿ ಹಾಕಿದ್ದು ಈ ಸ್ಥಿತಿಯಲ್ಲಿ. ಬೇರೆ ದಾರಿ ಇತ್ತು ಅಂತ ನನಗೂ ಅನಿಸುವುದಿಲ್ಲ. ಸಾಲ ಬಂತು, ಕೋಕೋ ಮತ್ತೆ ಸರಕಾರದ ಗೋದಾಮಿಗೆ ಬಂತು, ಆರೋಗ್ಯ ಇಲಾಖೆಯ ಹಣವೂ ಚೇತರಿಸಿಕೊಂಡಿತು. ವಿಶ್ವಬ್ಯಾಂಕ್ ಘಾನಾವನ್ನು ಮಾದರಿ ವಿದ್ಯಾರ್ಥಿ ಅಂತ ತೋರಿಸಿದ್ದು ಸುಮ್ಮನೆ ಅಲ್ಲ.

ಹಾಗಾದರೆ ತಕರಾರು ಏನು? ಖರ್ಚಿನ ಮೊತ್ತ ನೋಡುತ್ತ ಕೂತರೆ ಅದು ಕಾಣುವುದಿಲ್ಲ. ಆಸ್ಪತ್ರೆಯ ಕೌಂಟರ್ ಹತ್ತಿರ ಹೋಗಬೇಕು.

ಘಾನಾದಲ್ಲಿ ಶುಲ್ಕ ಹೊಸದಲ್ಲ, 1971ರ ಕಾಯ್ದೆಯ ಪ್ರಕಾರ ಸಣ್ಣ ಮೊತ್ತ ಇತ್ತು. 1985ರ ಜುಲೈನಲ್ಲಿ ಹೊಸ ನಿಯಮ ಬಂದು ಶುಲ್ಕ ಹಲವು ಪಟ್ಟು ಏರಿತು. ಇಲಾಖೆಯ ದಿನನಿತ್ಯದ ಖರ್ಚಿನಲ್ಲಿ ಕನಿಷ್ಠ 15 ಶೇಕಡಾ ರೋಗಿಗಳಿಂದಲೇ ಎತ್ತಬೇಕು ಎನ್ನುವುದು ಗುರಿ. ಇತ್ತ ಸೇಡಿಯ ಅಪಮೌಲ್ಯವೂ ನಡೆದೇ ಇತ್ತು, 2.75 ಇದ್ದದ್ದು 1986ರ ಆರಂಭಕ್ಕೆ ಡಾಲರಿಗೆ 90 ಆಯಿತು. ಔಷಧಿ ಬಹುಪಾಲು ಹೊರದೇಶದ್ದು. ಕೋಕೋ ಬೆಳೆಯುವವನಿಗೆ ಅಪಮೌಲ್ಯದಿಂದ ಲಾಭ. ಮನೆಮಟ್ಟಿಗೆ ಮರಗೆಣಸು ಬೆಳೆದುಕೊಳ್ಳುವವನಿಗೆ ಅದು ಬರೀ ಗುಳಿಗೆಯ ಬೆಲೆಯಾಗಿ ಬಂತು.

ಇದರ ಹಿಂದಿದ್ದ ವಾದವನ್ನು ವಿಶ್ವಬ್ಯಾಂಕ್ 1987ರ ತನ್ನ ನೀತಿಪತ್ರದಲ್ಲಿ ಬಿಡಿಸಿ ಹೇಳಿತು. ಜನ ಹೇಗೂ ಖಾಸಗಿ ವೈದ್ಯರಿಗೆ, ನಾಟಿ ಔಷಧಿಗೆ ದುಡ್ಡು ಕೊಡ್ತಾರೆ. ಸರಕಾರಿ ಆಸ್ಪತ್ರೆಗೂ ಸ್ವಲ್ಪ ಕೊಡಲಿ. ಆ ಹಣದಲ್ಲಿ ಔಷಧಿ ತರಿಸಿದರೆ ಗುಣಮಟ್ಟ ಏರುತ್ತದೆ, ಬಡವರಿಗೆ ವಿನಾಯಿತಿ ಕೊಟ್ಟರಾಯಿತು. ಕೇಳಲು ನ್ಯಾಯವಾಗಿಯೇ ಇದೆ. ಔಷಧಿಯೇ ಇಲ್ಲದ ಉಚಿತ ಆಸ್ಪತ್ರೆಗಿಂತ ಔಷಧಿ ಇರುವ ಶುಲ್ಕದ ಆಸ್ಪತ್ರೆ ಮೇಲು ಅಂತ ಯಾರಾದರೂ ಹೇಳಿದರೆ ನಾನು ಅವರನ್ನು ಬಡವರ ವೈರಿ ಅನ್ನುವುದಿಲ್ಲ.

ಕೆಲಸ ಕೆಟ್ಟದ್ದು ಎಲ್ಲಿ ಅಂತ ತಿಳಿಯಲು ಅಶಾಂತಿ-ಆಕಿಮ್ ಜಿಲ್ಲೆಯ ಹೊರರೋಗಿ ದಾಖಲೆಗಳು ಸಹಾಯಕ್ಕೆ ಬರುತ್ತವೆ. ವಾಡಿಂಗ್ಟನ್ ಮತ್ತು ಎನಿಮಾಯೆವ್ ಎಂಬ ಸಂಶೋಧಕರು ಇವನ್ನು ಜಾಲಾಡಿದರು. ಶುಲ್ಕ ಏರಿದ ಕೂಡಲೆ ಪಟ್ಟಣ, ಹಳ್ಳಿ ಎರಡೂ ಕಡೆ ರೋಗಿಗಳ ಸಂಖ್ಯೆ ಬಿತ್ತು. ಪಟ್ಟಣದಲ್ಲಿ ಅದು ಕಾಲಕ್ರಮೇಣ ಹಳೆಯ ಮಟ್ಟಕ್ಕೆ ಬಂತು. ಹಳ್ಳಿಯಲ್ಲಿ ವರ್ಷಗಳು ಕಳೆದರೂ ಬರಲಿಲ್ಲ. ಇನ್ನೂ ಸೂಕ್ಷ್ಮ ಸಂಗತಿ ವಯಸ್ಸಿನದು: ಹಳ್ಳಿಯ ಕೇಂದ್ರಗಳಿಗೆ ಬರುವವರಲ್ಲಿ 15ರಿಂದ 45ರೊಳಗಿನ ದುಡಿಯುವವರ ಪಾಲು ಹೆಚ್ಚಿತು, 45 ದಾಟಿದವರ ಪಾಲು ಇಳಿಯಿತು. ಮನೆಯಲ್ಲಿ ಯಾರ ಕಾಯಿಲೆಗೆ ದುಡ್ಡು ಬಿಚ್ಚಬೇಕು ಎನ್ನುವ ತೀರ್ಮಾನ ನಡೆದಿದೆ ಅಂತ ನಾನು ಇದನ್ನು ಓದುತ್ತೇನೆ. ಜಿಲ್ಲೆಯ ಒಟ್ಟು ಸಂಖ್ಯೆ ಮಾತ್ರ ನೋಡಿದವನಿಗೆ ಇದರಲ್ಲಿ ಯಾವುದೂ ಕಾಣದು. ಪಟ್ಟಣದ ಚೇತರಿಕೆ ಹಳ್ಳಿಯ ನಷ್ಟವನ್ನು ಮುಚ್ಚಿಹಾಕುತ್ತದೆ.

ವಿನಾಯಿತಿಯ ಕತೆ ಇನ್ನೂ ವಿಚಿತ್ರ. ಕುಷ್ಠ, ಕ್ಷಯದಂಥ ಕಾಯಿಲೆಗಳಿಗೂ ಕಡುಬಡವರಿಗೂ ಶುಲ್ಕ ಇಲ್ಲ ಅಂತ ಕಾಗದದಲ್ಲಿ ಇತ್ತು. ಆದರೆ ಕಡುಬಡವ ಯಾರು ಅಂತ ಗುರುತಿಸಬೇಕಾದವರು ಆಸ್ಪತ್ರೆಯವರೇ. ಮಾಫಿ ಕೊಟ್ಟರೆ ಅದರ ನಷ್ಟವೂ ಅವರದೇ. ಯಾಕೆಂದರೆ 1992ರ ಹೊತ್ತಿಗೆ ‘ಕ್ಯಾಶ್ ಅಂಡ್ ಕ್ಯಾರಿ’ ಬಂದಿತ್ತು: ಆಸ್ಪತ್ರೆ ನಗದು ಕೊಟ್ಟು ಔಷಧಿ ತರಬೇಕು, ರೋಗಿಯೂ ನಗದು ಕೊಟ್ಟೇ ಒಯ್ಯಬೇಕು. ಒಬ್ಬನಿಗೆ ಬಿಟ್ಟಿ ಕೊಟ್ಟರೆ ಮುಂದಿನ ಖರೀದಿಗೆ ಅಷ್ಟು ಹಣ ಕಡಿಮೆ. 1995ರಲ್ಲಿ ವೋಲ್ಟಾ ಪ್ರಾಂತ್ಯದ ದಾಖಲೆಗಳಲ್ಲಿ ಸಾವಿರ ಭೇಟಿಗಳಲ್ಲಿ ಒಂದಕ್ಕೂ ವಿನಾಯಿತಿ ಸಿಕ್ಕಿರಲಿಲ್ಲ. ಸಿಕ್ಕ ಕೆಲವರಲ್ಲೂ ಹೆಚ್ಚಿನವರು ಆಸ್ಪತ್ರೆ ಸಿಬ್ಬಂದಿಯೇ! ಇದನ್ನು ಭ್ರಷ್ಟಾಚಾರ ಅಂದುಬಿಡುವುದು ಸುಲಭ. ನನಗೆ ಕಾಣುವುದು ಲೆಕ್ಕದ ತಪ್ಪು: ದಯೆ ತೋರಿಸಿದವನ ಜೇಬಿನಿಂದಲೇ ದಯೆಯ ಬೆಲೆ ಕೀಳುವ ಏರ್ಪಾಟು.

ಹಳ್ಳಿಯವರು ಬಡತನದಿಂದಲೇ ದೂರ ಉಳಿದಿರಬಹುದು, ಶುಲ್ಕವನ್ನೇ ಯಾಕೆ ದೂರಬೇಕು ಅಂತ ಒಂದು ಆಕ್ಷೇಪ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರ ಕೆನ್ಯಾದಲ್ಲಿದೆ, ಅಲ್ಲಿ ಶುಲ್ಕ ಹಾಕಿ, ತೆಗೆದು, ಮತ್ತೆ ಹಾಕಿದರು. 1989ರ ಡಿಸೆಂಬರ್‌ನಲ್ಲಿ ಶುಲ್ಕ ಬಂದಾಗ ನೈರೋಬಿಯ ಲೈಂಗಿಕ ರೋಗಗಳ ಚಿಕಿತ್ಸಾಲಯಕ್ಕೆ ಬರುವ ಗಂಡಸರು ಮೊದಲಿನ 40 ಶೇಕಡಾಕ್ಕೆ, ಹೆಂಗಸರು 65 ಶೇಕಡಾಕ್ಕೆ ಇಳಿದರು. ಸುಮಾರು ಒಂಬತ್ತು ತಿಂಗಳ ನಂತರ ಶುಲ್ಕ ರದ್ದಾಯಿತು. ಹೆಂಗಸರ ಸಂಖ್ಯೆ ಹಳೆಯದನ್ನೂ ಮೀರಿತು. ಗಂಡಸರದು 64 ಶೇಕಡಾ ಹತ್ತಿರವೇ ನಿಂತಿತು. ಒಂಬತ್ತು ತಿಂಗಳಲ್ಲಿ ದೇಶದ ಬಡತನ ಹೋಗಿ ಬಂದಿರಲಾರದು. ಅದು ಏಯ್ಡ್ಸ್ ಹರಡುತ್ತಿದ್ದ ಕಾಲ ಎಂಬುದನ್ನು ಮರೆಯಬಾರದು. ಚಿಕಿತ್ಸೆ ಸಿಗದ ಲೈಂಗಿಕ ರೋಗ ಎಚ್‌ಐವಿ ದಾಟಲು ದಾರಿ ಸುಲಭ ಮಾಡುತ್ತದೆ. ಕೌಂಟರ್‌ನಲ್ಲಿ ಉಳಿಸಿದ ದುಡ್ಡು ಬೇರೆ ಯಾರದೋ ಮೈಮೇಲೆ ಸಾಲವಾಗಿ ಏರಿತು.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಘಾನಾದ ಶುಲ್ಕದ ಪಾಲು 1987ರಲ್ಲಿ ಸುಮಾರು 12 ಶೇಕಡಾ ಮುಟ್ಟಿ ಮತ್ತೆ ಇಳಿಯಿತು. 15ರ ಗುರಿ ಕೈಗೆ ಸಿಗಲಿಲ್ಲ. ಆ ಹಣ ಎಣಿಸುವುದಕ್ಕೆ ರಸೀದಿ, ಗುಮಾಸ್ತ, ಲೆಕ್ಕಪರಿಶೋಧನೆ ಅಂತ ಹೋದ ಖರ್ಚು ಬೇರೆ.

ನಮ್ಮಲ್ಲೂ ಈ ಗಾಳಿ ಬೀಸಿದೆ. 1996ರಲ್ಲಿ ವಿಶ್ವಬ್ಯಾಂಕ್ ಸಾಲದಿಂದ ಕರ್ನಾಟಕ, ಪಂಜಾಬ್, ಪಶ್ಚಿಮ ಬಂಗಾಳಗಳ ಆಸ್ಪತ್ರೆಗಳನ್ನು ಸುಧಾರಿಸುವ ಯೋಜನೆ ಬಂದಾಗ ಬಳಕೆದಾರರ ಶುಲ್ಕವೂ ಅದರ ಜೊತೆಗೇ ಬಂತು. ಕಟ್ಟಡ, ಉಪಕರಣ ಉತ್ತಮವಾದದ್ದು ಸುಳ್ಳಲ್ಲ. ಮುಂಬೈಯ ಮುನಿಸಿಪಾಲಿಟಿ ಆಸ್ಪತ್ರೆಯಲ್ಲಿ ಕೇಸ್ ಪೇಪರ್‌ಗೆ ಸಾಲು ನಿಂತವರಿಗೆ ಗೊತ್ತು, ಆ ಚೀಟಿಯ ಬೆಲೆ ದೊಡ್ಡದಲ್ಲ. ಅದರ ಹಿಂದೆ ಬರುವ ಎಕ್ಸ್‌ರೇ, ಹೊರಗಿನ ಮೆಡಿಕಲ್‌ನಿಂದ ತರಬೇಕಾದ ಔಷಧಿ, ಹೋದ ದಿನದ ಕೂಲಿ ದೊಡ್ಡದು.

ಘಾನಾ ಕೊನೆಗೆ 2003ರಲ್ಲಿ ಕ್ಯಾಶ್ ಅಂಡ್ ಕ್ಯಾರಿ ಬಿಟ್ಟು ರಾಷ್ಟ್ರೀಯ ಆರೋಗ್ಯ ವಿಮೆಯ ಕಾಯ್ದೆ ತಂದಿತು. ಅದರ ದೊಡ್ಡ ಪಾಲು ಹಣ ಬರುವುದು ಮಾರಾಟದ ಸರಕುಗಳ ಮೇಲಿನ 2.5 ಶೇಕಡಾ ಸೆಸ್‌ನಿಂದ. ಅಂದರೆ ಕಾಯಿಲೆ ಬಿದ್ದ ದಿನ ರೋಗಿಯ ಕೈಯಿಂದಲ್ಲ, ಆರೋಗ್ಯವಾಗಿರುವಾಗ ಎಲ್ಲರಿಂದ. ಉಳಿದವರು ವಾರ್ಷಿಕ ಕಂತು ಕಟ್ಟಬೇಕು, ಕಡುಬಡವರಿಗೆ ವಿನಾಯಿತಿ. ಕಡುಬಡವ ಯಾರು ಅಂತ ಪಟ್ಟಿ ಮಾಡುವ ಹಳೆಯ ತಲೆನೋವು ಮಾತ್ರ ಅಲ್ಲಿಗೂ ಹಿಂಬಾಲಿಸಿ ಬಂದಿದೆ.