ಫಿಲ್ಟರ್ಡ್ ಬ್ಯಾಕ್ ಪ್ರೊಜೆಕ್ಷನ್

ವಸ್ತುವನ್ನು ಕೊಯ್ಯದೆ, ಹಲವು ದಿಕ್ಕುಗಳಿಂದ ಕ್ಷ-ಕಿರಣ ಹಾಯಿಸಿ ಪಡೆದ ನೆರಳುಗಳಿಂದಲೇ ಅದರ ಅಡ್ಡಕೊಯ್ತದ ಚಿತ್ರವನ್ನು ಲೆಕ್ಕ ಹಾಕಿ ಕಟ್ಟುವ ವಿಧಾನ. ಸಿ.ಟಿ. ಸ್ಕ್ಯಾನರುಗಳಲ್ಲಿ 1970ರ ದಶಕದ ನಡುವಿನಿಂದ ಹಲವು ದಶಕಗಳ ಕಾಲ ಇದೇ ಮುಖ್ಯ ವಿಧಾನವಾಗಿತ್ತು. ಇದರಲ್ಲಿ ಇರುವುದು ಎರಡೇ ಹೆಜ್ಜೆ. ಪ್ರತಿಯೊಂದು ನೆರಳನ್ನೂ ರ‍್ಯಾಂಪ್ ಫಿಲ್ಟರ್ ಎಂಬ ಲೆಕ್ಕದಿಂದ ತಿದ್ದಬೇಕು. ಆಮೇಲೆ ಅದನ್ನು ಕಿರಣ ಬಂದ ದಾರಿಯಲ್ಲೇ ಹಿಂದಕ್ಕೆ ಹರಡಿ, ಎಲ್ಲ ದಿಕ್ಕುಗಳಿಂದ ಹರಡಿದ್ದನ್ನು ಕೂಡಿಸಬೇಕು. ಎರಡನೆಯ ಹೆಜ್ಜೆ ಯಾರಿಗಾದರೂ ಹೊಳೆಯುವಂಥದು. ಈ ವಿಧಾನದ ಇತಿಹಾಸವೆಲ್ಲ ಬಹುಮಟ್ಟಿಗೆ ಮೊದಲನೆಯ ಹೆಜ್ಜೆಯ ಇತಿಹಾಸ.

ಪ್ರಕ್ಷೇಪ ಎಂದರೇನು

ಕ್ಷ-ಕಿರಣವೊಂದು ದೇಹದ ಮೂಲಕ ಹಾದು ಹೊರಬಂದಾಗ ಅದರ ತೀವ್ರತೆ ಕುಗ್ಗಿರುತ್ತದೆ. ಒಳಹೋದ ತೀವ್ರತೆಯನ್ನು ಹೊರಬಂದದ್ದರಿಂದ ಭಾಗಿಸಿ ಲಾಗರಿದಮ್ ತೆಗೆದರೆ, ಆ ಕಿರಣದ ದಾರಿಯುದ್ದಕ್ಕೂ ಇರುವ ಹೀರಿಕೆಯ ಒಟ್ಟು ಮೊತ್ತ ಸಿಗುತ್ತದೆ. ಮೊತ್ತ ಮಾತ್ರ. ಆ ದಾರಿಯಲ್ಲಿ ಮೂಳೆ ಎಲ್ಲಿತ್ತು, ಮಾಂಸ ಎಲ್ಲಿತ್ತು ಎಂಬ ಸುದ್ದಿ ಅದರಲ್ಲಿ ಇರುವುದಿಲ್ಲ. ಒಂದೇ ದಿಕ್ಕಿನ ಸಮಾನಾಂತರ ಕಿರಣಗಳ ಮೊತ್ತಗಳನ್ನು ಸಾಲಾಗಿ ಬರೆದರೆ ಅದೊಂದು ಪ್ರಕ್ಷೇಪ. ದಿಕ್ಕನ್ನು 0ಯಿಂದ 180 ಡಿಗ್ರಿವರೆಗೆ ತಿರುಗಿಸುತ್ತ ಪಡೆದ ಎಲ್ಲ ಪ್ರಕ್ಷೇಪಗಳ ಒಟ್ಟು ಕಟ್ಟಿಗೆ ಗಣಿತದಲ್ಲಿ ರಾಡಾನ್ ರೂಪಾಂತರ ಎಂದು ಹೆಸರು.

ಹೆಸರು ಬಂದದ್ದು ಆಸ್ಟ್ರಿಯಾದ ಗಣಿತಜ್ಞ ಯೋಹಾನ್ ರಾಡಾನ್ ಅವರಿಂದ. 1917ರಲ್ಲಿ ಲೈಪ್‌ಜಿಗ್‌ನಲ್ಲಿ ಪ್ರಕಟವಾದ ಲೇಖನದಲ್ಲಿ ಅವರು, ಸಮತಲದ ಎಲ್ಲ ಸರಳರೇಖೆಗಳ ಮೇಲಿನ ಮೊತ್ತಗಳು ಗೊತ್ತಿದ್ದರೆ ಮೂಲ ಚಿತ್ರವನ್ನು ಮರಳಿ ಪಡೆಯಬಹುದೆಂದು ಸಾಧಿಸಿ, ಅದಕ್ಕೊಂದು ಸೂತ್ರವನ್ನೂ ಕೊಟ್ಟರು. ಅದು ಶುದ್ಧ ಗಣಿತ; ಯಾವ ಯಂತ್ರವೂ ಅವರ ಮನಸ್ಸಿನಲ್ಲಿ ಇರಲಿಲ್ಲ. ದಕ್ಷಿಣ ಆಫ್ರಿಕಾದ ಭೌತವಿಜ್ಞಾನಿ ಅಲನ್ ಕಾರ್ಮ್ಯಾಕ್ 1963 ಮತ್ತು 1964ರಲ್ಲಿ ಕ್ಷ-ಕಿರಣಗಳಿಗಾಗಿ ಇದೇ ಸಮಸ್ಯೆಯನ್ನು ಬಿಡಿಸಿ ಪ್ರಕಟಿಸಿದಾಗ ಅವರಿಗೆ ರಾಡಾನ್ ಲೇಖನದ ಸುಳಿವೇ ಇರಲಿಲ್ಲ. ಕಾರ್ಮ್ಯಾಕ್ ಅವರ ಲೇಖನಗಳನ್ನೂ ಆಗ ಗಮನಿಸಿದವರು ಕಡಿಮೆ.

ಬರಿಯ ಹಿಂಪ್ರಕ್ಷೇಪ ಸಾಲದೇಕೆ

ಫಿಲ್ಟರ್ ಇಲ್ಲದೆ ನೆರಳುಗಳನ್ನು ಹಾಗೆಯೇ ಹಿಂದಕ್ಕೆ ಹರಡಿದರೆ ಏನಾಗುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. ವಸ್ತು ಎಂದರೆ ನಟ್ಟನಡುವೆ ಒಂದೇ ಒಂದು ಚುಕ್ಕೆ, ಮಿಕ್ಕೆಲ್ಲ ಖಾಲಿ ಎಂದುಕೊಳ್ಳೋಣ. 1 ಡಿಗ್ರಿಗೊಂದರಂತೆ 180 ದಿಕ್ಕುಗಳಿಂದ ನೋಡೋಣ. ಯಾವ ದಿಕ್ಕಿನಿಂದ ನೋಡಿದರೂ ನೆರಳು ಒಂದೇ: ನಡುವಿನ ಡಿಟೆಕ್ಟರಿನಲ್ಲಿ 1, ಉಳಿದವುಗಳಲ್ಲಿ 0.

ಇವನ್ನು ಹಿಂದಕ್ಕೆ ಹರಡಿದರೆ ಪ್ರತಿ ದಿಕ್ಕಿನಿಂದಲೂ ನಡುವಿನ ಮೂಲಕ ಒಂದು ಪಟ್ಟಿ ಹಾಯುತ್ತದೆ. ನಡುವಿನ ಚುಕ್ಕೆಗೆ 180 ಪಟ್ಟಿಗಳೂ ತಾಗಿ ಅಲ್ಲಿಯ ಬೆಲೆ 180 ಆಗುತ್ತದೆ. ಅಲ್ಲಿಂದ 10 ಡಿಟೆಕ್ಟರ್ ಅಗಲದಷ್ಟು ದೂರದ ಜಾಗಕ್ಕೆ, ಪಟ್ಟಿಯ ಅಗಲದ ದೆಸೆಯಿಂದ, ಸುಮಾರು 6 ಪಟ್ಟಿಗಳು ತಾಗುತ್ತವೆ; 20ರಷ್ಟು ದೂರದಲ್ಲಿ ಸುಮಾರು 3. ಅಲ್ಲಿ ಇರಬೇಕಾದದ್ದು ಸೊನ್ನೆ. ದೂರ ಇಮ್ಮಡಿಯಾದರೆ ಮಸುಕು ಅರ್ಧವಾಗುತ್ತದೆಯೇ ಹೊರತು ಎಲ್ಲಿಯೂ ಮುಗಿಯುವುದಿಲ್ಲ. ಒಂದು ಚುಕ್ಕೆಗೇ ಹೀಗಾದರೆ, ತಲೆಬುರುಡೆಯಂಥ ವಸ್ತುವಿನಲ್ಲಿ ಸುತ್ತಲ ದಪ್ಪ ಮೂಳೆಯ ಪ್ರತಿ ಕಣವೂ ಮಿದುಳಿನ ಮೇಲೆ ತನ್ನ ಮಸುಕನ್ನು ಚೆಲ್ಲುತ್ತದೆ. ಮಿದುಳಿನೊಳಗಿನ ಸಣ್ಣ ವ್ಯತ್ಯಾಸಗಳು ಅದರಡಿ ಮುಳುಗಿಹೋಗುತ್ತವೆ. ಪಟ್ಟಿಗಳ ಸಂಖ್ಯೆ ಎಷ್ಟು ಹೆಚ್ಚಿಸಿದರೂ ಇದು ಹೋಗದು, ಏಕೆಂದರೆ ದೋಷ ಸಂಖ್ಯೆಯದಲ್ಲ, ಲೆಕ್ಕದ ರೀತಿಯದು.

ಆ ದೋಷದ ಬೇರನ್ನು ತೋರಿಸಿಕೊಟ್ಟದ್ದು ರೇಡಿಯೋ ಖಗೋಳಶಾಸ್ತ್ರ. ಆಸ್ಟ್ರೇಲಿಯಾದ ರೊನಾಲ್ಡ್ ಬ್ರೇಸ್‌ವೆಲ್ ಅವರಿಗೆ ಸಿಗುತ್ತಿದ್ದ ಅಳತೆಗಳು ಆಕಾಶದ ಉದ್ದನೆಯ ಪಟ್ಟಿಗಳ ಮೊತ್ತಗಳಾಗಿದ್ದವು. ರೋಗಿಯ ಜಾಗದಲ್ಲಿ ಸೂರ್ಯನಂಥ ಆಕರಗಳು, ಅಷ್ಟೇ ವ್ಯತ್ಯಾಸ. 1956ರ ಅವರ ಲೇಖನದ ತಿರುಳು ಇದು: ಒಂದು ಪ್ರಕ್ಷೇಪದ ಫೂರಿಯೇ ರೂಪಾಂತರವು, ಇಡೀ ಚಿತ್ರದ ಎರಡು ಆಯಾಮದ ಫೂರಿಯೇ ರೂಪಾಂತರದಲ್ಲಿ ಕೇಂದ್ರದ ಮೂಲಕ ಅದೇ ದಿಕ್ಕಿನಲ್ಲಿ ಎಳೆದ ಒಂದು ಗೆರೆ. ಫೂರಿಯೇ ರೂಪಾಂತರ ಎಂದರೆ ಚಿತ್ರವನ್ನು ನಿಧಾನ ಮತ್ತು ಚುರುಕು ಏರಿಳಿತಗಳಾಗಿ ಬಿಡಿಸಿ ಬರೆಯುವ ಬಗೆ. ಕೇಂದ್ರದ ಬಳಿ ಇರುವುದು ನಿಧಾನದ ಏರಿಳಿತಗಳು, ಅಂದರೆ ಚಿತ್ರದ ದೊಡ್ಡ ಹರವುಗಳು. ಕೇಂದ್ರದಿಂದ ದೂರ ಹೋದಂತೆ ಅಂಚುಗಳೂ ಸಣ್ಣ ವಿವರಗಳೂ ಬರುತ್ತವೆ.

ಈಗ 180 ಗೆರೆಗಳನ್ನು ಒಟ್ಟಿಗೆ ನೋಡಿದರೆ ಅವು ಗಾಡಿಯ ಚಕ್ರದ ಅರಗಳ ಹಾಗೆ ನಡುವೆ ಒತ್ತಾಗಿ, ಅಂಚಿನ ಕಡೆ ವಿರಳವಾಗಿ ನಿಂತಿರುತ್ತವೆ. ಕೇಂದ್ರದಿಂದ ω ದೂರದಲ್ಲಿ ಅವುಗಳ ದಟ್ಟಣೆ 1/ω ಪ್ರಮಾಣದಲ್ಲಿ ಇಳಿಯುತ್ತದೆ. ಬರಿಯ ಹಿಂಪ್ರಕ್ಷೇಪ ಈ ದಟ್ಟಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಎಲ್ಲವನ್ನೂ ಕೂಡಿಸಿಬಿಡುತ್ತದೆ. ನಿಧಾನದ ಏರಿಳಿತಗಳು ಹಲವು ಸಲ ಎಣಿಕೆಗೆ ಬರುತ್ತವೆ, ಚುರುಕಿನವು ಕಡಿಮೆ ಸಲ. ಮೇಲೆ ಕಂಡ ಮಸುಕು ಅದೇ. ಪರಿಹಾರವೂ ಅಲ್ಲೇ ಇದೆ: ಕೂಡಿಸುವ ಮೊದಲು ಪ್ರತಿ ಗೆರೆಯನ್ನೂ |ω| ಇಂದ ಗುಣಿಸಬೇಕು. ಸೊನ್ನೆಯಲ್ಲಿ ಸೊನ್ನೆಯಾಗಿ, ಅಲ್ಲಿಂದ ಎರಡೂ ಕಡೆಗೆ ನೇರ ಇಳಿಜಾರಿನಂತೆ ಏರುವ ಈ ಗುಣಕಕ್ಕೆ ಇಳಿಜಾರಿನ ಹೆಸರೇ ಬಂದು ರ‍್ಯಾಂಪ್ ಫಿಲ್ಟರ್ ಎಂದಾಯಿತು. ಚಿತ್ರವನ್ನು ಚೂಪು ಮಾಡಲು ಆಮೇಲೆ ಸೇರಿಸಿದ ಮೆರುಗು ಎಂದು ಇದನ್ನು ಭಾವಿಸುವವರಿದ್ದಾರೆ. ಅದು ಸರಿಯಲ್ಲ, ಇದು ಲೆಕ್ಕದೊಳಗೇ ಇರಬೇಕಾದ ತೂಕ.

ಬೆಂಗಳೂರಿನ ಲೇಖನ

ಫೂರಿಯೇ ದಾರಿಯಲ್ಲೇ ಹೋಗಿ ಚಿತ್ರ ಕಟ್ಟುವುದು ಅಂದಿನ ಗಣಕಗಳಿಗೆ ಭಾರವಾಗಿತ್ತು. ಜೊತೆಗೆ ಅರಗಳ ಮೇಲಿನ ಬೆಲೆಗಳನ್ನು ಚೌಕುಳಿ ಜಾಲಕ್ಕೆ ಅಂದಾಜಿನಿಂದ ಸಾಗಿಸುವಾಗ ತಪ್ಪುಗಳು ನುಸುಳುತ್ತಿದ್ದವು. ಫೂರಿಯೇ ರೂಪಾಂತರವನ್ನೇ ಬಿಟ್ಟು, |ω| ಗುಣಾಕಾರಕ್ಕೆ ಸಮನಾದ ಕೆಲಸವನ್ನು ನೆರಳಿನ ಅಂಕಿಗಳ ಮೇಲೆ ನೇರವಾಗಿ ಮಾಡುವ ಉಪಾಯ ಎರಡು ಕಡೆ ಬೇರೆಬೇರೆಯಾಗಿ ಹುಟ್ಟಿತು. 1967ರಲ್ಲಿ ಬ್ರೇಸ್‌ವೆಲ್ ಮತ್ತು ರಿಡ್ಲ್ ಖಗೋಳ ಪತ್ರಿಕೆಯೊಂದರಲ್ಲಿ ಅದನ್ನು ಬರೆದರು. 1971ರಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬರೆದರು. ಪ್ರೋಟೀನುಗಳ ರಚನೆಯ ‘ರಾಮಚಂದ್ರನ್ ನಕ್ಷೆ’ಯಿಂದ ಹೆಸರಾದವರು ಈ ರಾಮಚಂದ್ರನ್ ಅವರೇ. ಆಗ ಅವರು ಮದ್ರಾಸಿನಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೀವಭೌತವಿಜ್ಞಾನ ವಿಭಾಗವನ್ನು ಕಟ್ಟುತ್ತಿದ್ದರು; ಷಿಕಾಗೋ ವಿಶ್ವವಿದ್ಯಾಲಯದಲ್ಲೂ ಕೆಲಸ ಮಾಡುತ್ತಿದ್ದರು. ಅವರ ಕಣ್ಣು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳ ಮೇಲೂ ಕ್ಷ-ಕಿರಣ ಚಿತ್ರಗಳ ಮೇಲೂ ಇತ್ತು.

ಅವರು ಕೊಟ್ಟದ್ದು ತೂಕಗಳ ಒಂದು ಪುಟ್ಟ ಪಟ್ಟಿ. ಡಿಟೆಕ್ಟರುಗಳ ನಡುವಿನ ಅಂತರವನ್ನು 1 ಎಂದಿಟ್ಟರೆ ಅದು ಹೀಗಿದೆ:

```
h(0) = 1/4
h(n) = -1/(π²n²)   n = ±1, ±3, ±5 ...
h(n) = 0           n = ±2, ±4, ±6 ...
```

ಅಂಕಿಗಳಲ್ಲಿ ಹೇಳುವುದಾದರೆ ನಡುವೆ 0.25, ಪಕ್ಕದಲ್ಲಿ −0.1013, ಆಮೇಲೆ 0, ಮೂರನೆಯದು −0.0113, ಮತ್ತೆ 0, ಐದನೆಯದು −0.0041. ಕೊನೆಯಿಲ್ಲದೆ ಕೂಡಿದರೆ ಎಲ್ಲದರ ಮೊತ್ತ ಸರಿಯಾಗಿ ಸೊನ್ನೆ. ನೆರಳಿನ ಪ್ರತಿ ಬೆಲೆಯ ಜಾಗದಲ್ಲೂ ಈ ಪಟ್ಟಿಯನ್ನು ಇಟ್ಟು, ಸುತ್ತಲಿನ ಬೆಲೆಗಳನ್ನು ಗುಣಿಸಿ ಕೂಡಿದರೆ ತಿದ್ದಿದ ನೆರಳು ಸಿದ್ಧ. ಗಣಿತದವರು ಇದನ್ನು ಕಾನ್ವಲ್ಯೂಷನ್ ಎನ್ನುತ್ತಾರೆ.

ಮತ್ತೆ ಅದೇ ಚುಕ್ಕೆಗೆ ಬರೋಣ. ಈಗ ಪ್ರತಿ ನೆರಳೂ ಮೇಲಿನ ಪಟ್ಟಿಯೇ ಆಗುತ್ತದೆ. ನಡುವಿನಲ್ಲಿ 180 × 0.25 = 45 ಸಿಗುತ್ತದೆ. 10ರ ದೂರದಲ್ಲಿ, ಮೊದಲು ಮಸುಕು ತಂದಿದ್ದ ಆ ಸುಮಾರು 6 ಪಟ್ಟಿಗಳು ಒಟ್ಟು +1.43 ಕೊಡುತ್ತವೆ. ಆದರೆ ಆ ಜಾಗವನ್ನು ಪಕ್ಕದ ತೂಕದಿಂದ ಮುಟ್ಟುವ ದಿಕ್ಕುಗಳೂ ಇವೆ, ಸುಮಾರು ಹನ್ನೊಂದೂವರೆ, ಅವು −1.17 ತರುತ್ತವೆ. ಇನ್ನೂ ದೂರದ ಋಣ ತೂಕಗಳೆಲ್ಲ ಸೇರಿ −0.26. ಉಳಿಯುವುದು ಸುಮಾರು 0.01, ನಡುವಿನ 45ರ ಮುಂದೆ ಲೆಕ್ಕಕ್ಕಿಲ್ಲದಷ್ಟು. ಪಟ್ಟಿಯಲ್ಲಿ ಋಣ ಬೆಲೆಗಳು ಏಕಿರಬೇಕೆಂಬುದು ಇಲ್ಲಿ ಗೊತ್ತಾಗುತ್ತದೆ: ಒಂದು ದಿಕ್ಕು ತಪ್ಪಾಗಿ ಚೆಲ್ಲಿದ್ದನ್ನು ಬೇರೆ ದಿಕ್ಕುಗಳು ಅಳಿಸಬೇಕಾದರೆ ಕಳೆಯುವ ಶಕ್ತಿ ಅವಕ್ಕೆ ಇರಲೇಬೇಕು. ಬರಿಯ ಧನ ಬೆಲೆಗಳನ್ನು ಎಷ್ಟು ಕೂಡಿದರೂ ಸೊನ್ನೆ ಹುಟ್ಟದು.

ಸ್ಕ್ಯಾನರಿಗೆ ಬಂದ ಬಗೆ

ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಇಂಗ್ಲೆಂಡಿನ ಇ.ಎಂ.ಐ. ಕಂಪನಿಯಲ್ಲಿ ರೂಪಿಸಿದ ಯಂತ್ರದಿಂದ ಮೊದಲ ರೋಗಿಯ ತಲೆಯ ಚಿತ್ರ ತೆಗೆದದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ವಿಂಬಲ್ಡನ್ ಭಾಗದ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ. 180 ದಿಕ್ಕು, ದಿಕ್ಕಿಗೆ 160 ಅಳತೆ, ಒಟ್ಟು 28,800 ಅಂಕಿಗಳು. ಚಿತ್ರ 80 × 80 ಚೌಕಗಳದು. ಆ ಯಂತ್ರದಲ್ಲಿ ಇದ್ದದ್ದು ಈ ವಿಧಾನವಲ್ಲ. ಒಂದು ಊಹೆಯ ಚಿತ್ರದಿಂದ ಹೊರಟು, ಅದರ ನೆರಳನ್ನು ಅಳತೆಯೊಡನೆ ಹೋಲಿಸಿ, ಮತ್ತೆ ಮತ್ತೆ ತಿದ್ದುವ ಬೀಜಗಣಿತದ ಕ್ರಮ ಅಲ್ಲಿತ್ತು. 1974ರಲ್ಲಿ ಬೆಲ್ ಪ್ರಯೋಗಾಲಯದ ಲಾರೆನ್ಸ್ ಶೆಪ್ ಮತ್ತು ಬೆಂಜಮಿನ್ ಲೋಗನ್ ಕಾನ್ವಲ್ಯೂಷನ್ ದಾರಿಯೇ ಮೇಲೆಂದು ತೋರಿಸಿದರು. ಅದಕ್ಕಾಗಿ ಅವರು ದೀರ್ಘವೃತ್ತಗಳಿಂದ ಕಟ್ಟಿದ ಕೃತಕ ತಲೆಯ ಚಿತ್ರ ಇಂದಿಗೂ ಹೊಸ ವಿಧಾನಗಳ ಪರೀಕ್ಷೆಗೆ ಬಳಕೆಯಲ್ಲಿದೆ. ತಿದ್ದುತ್ತ ಕೂರುವ ಕ್ರಮಕ್ಕೆ ಎಲ್ಲ ಅಳತೆಗಳೂ ಮುಗಿದಿರಬೇಕು. ಇಲ್ಲಾದರೋ ಒಂದು ನೆರಳು ಬಂದೊಡನೆ ಅದನ್ನು ತಿದ್ದಿ ಹರಡಿ ಮುಂದಿನದಕ್ಕೆ ಹೋಗಬಹುದು. ಆಸ್ಪತ್ರೆಗಳಲ್ಲಿ ಇದು ಗೆಲ್ಲಲು ಅದೊಂದು ದೊಡ್ಡ ಕಾರಣ. 1979ರಲ್ಲಿ ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ ವೈದ್ಯಕೀಯದ ನೊಬೆಲ್ ಹಂಚಿಕೊಂಡರು.

ತೊಡಕುಗಳು

ರ‍್ಯಾಂಪ್ ಫಿಲ್ಟರ್ ಚುರುಕಿನ ಏರಿಳಿತಗಳನ್ನು ಎತ್ತುತ್ತದೆ. ಅಳತೆಯಲ್ಲಿನ ಗದ್ದಲವೂ ಬಹುಪಾಲು ಅಲ್ಲಿಯೇ ಎತ್ತಿ ಕಾಣಿಸಿಕೊಳ್ಳುವಂಥದು. ವಿಕಿರಣದ ಪ್ರಮಾಣ ಇಳಿಸಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ. ಹಾಗಾಗಿ ಮೇಲ್ತುದಿಯನ್ನು ಬಾಗಿಸಿದ ರೂಪಗಳು ಬಂದವು. ಶೆಪ್–ಲೋಗನ್ ಫಿಲ್ಟರ್ ಸ್ವಲ್ಪ ಬಾಗಿಸುತ್ತದೆ, ಹಾನ್ ಕಿಟಕಿ ಇನ್ನೂ ಹೆಚ್ಚು. ಮೂಳೆಗೆ ಚೂಪಾದದ್ದು, ಮೃದು ಅಂಗಾಂಶಕ್ಕೆ ನಯವಾದದ್ದು ಎಂದು ತಂತ್ರಜ್ಞರು ಆರಿಸಿಕೊಳ್ಳುವ ‘ಕರ್ನಲ್’ ಇದೇ.

ಎರಡನೆಯ ತೊಡಕು ತೂಕಗಳ ಪಟ್ಟಿಯ ಉದ್ದನೆಯ ಬಾಲದಿಂದ. ರೋಗಿಯ ದೇಹ ಅಳತೆಯ ವಲಯದಿಂದ ಹೊರಗೆ ಚಾಚಿದ್ದರೆ ನೆರಳು ಥಟ್ಟನೆ ಕತ್ತರಿಸಿ ನಿಲ್ಲುತ್ತದೆ. ಫಿಲ್ಟರಿಗೆ ಆ ಕತ್ತರಿಯೇ ನಿಜವಾದ ಅಂಚಾಗಿ ಕಾಣುತ್ತದೆ. ಪರಿಣಾಮವಾಗಿ ಚಿತ್ರದ ಹೊರ ಅಂಚಿನಲ್ಲಿ ಇಲ್ಲದ ಬೆಳಕಿನ ಬಳೆ ಮೂಡುತ್ತದೆ.

ಮೂರನೆಯದು ಪ್ರೋಗ್ರಾಮ್ ಬರೆಯುವವರು ಎಡವುವ ಜಾಗ. |ω| ಬೆಲೆಗಳನ್ನು ಆವರ್ತನದ ಜಾಲದಲ್ಲಿ ನೇರವಾಗಿ ತುಂಬಿದರೆ ಮೊದಲ ಬೆಲೆ ಸೊನ್ನೆಯಾಗುತ್ತದೆ, ಚಿತ್ರದ ಎಲ್ಲ ಬೆಲೆಗಳೂ ತುಸು ಕೆಳಗಿಳಿಯುತ್ತವೆ. ನೆರಳಿನ ಕೊನೆಗೆ ಸಾಕಷ್ಟು ಸೊನ್ನೆಗಳನ್ನು ಜೋಡಿಸದಿದ್ದರೆ ಒಂದು ತುದಿಯ ಬೆಲೆಗಳು ಇನ್ನೊಂದು ತುದಿಗೆ ಸುತ್ತಿ ಬಂದು ಸೇರುತ್ತವೆ. ಮೇಲಿನ h(n) ಪಟ್ಟಿಯಿಂದಲೇ ಫಿಲ್ಟರನ್ನು ಕಟ್ಟಿ, ನೆರಳನ್ನು ಕನಿಷ್ಠ ಇಮ್ಮಡಿ ಉದ್ದ ಮಾಡಿಕೊಂಡರೆ ಎರಡೂ ತಪ್ಪುತ್ತವೆ. ಪರೀಕ್ಷೆಗೆ ಒಂದು ಸಮಬೆಲೆಯ ತಟ್ಟೆ ಸಾಕು. ಯಂತ್ರದ ಅಳತೆಯಲ್ಲಿ ತಟ್ಟೆಯ ನಡುವು ತಗ್ಗಾಗಿ ಕಂಡರೆ, ಕ್ಷ-ಕಿರಣದ ದುರ್ಬಲ ಭಾಗ ದಾರಿಯಲ್ಲೇ ಸೋಸಿಹೋಗಿರುವುದೂ ಕಾರಣವಿರಬಹುದು. ಗಣಕದಲ್ಲೇ ಹುಟ್ಟಿಸಿದ ಶುದ್ಧ ನೆರಳಿನಲ್ಲೂ ಬೆಲೆಗಳು ತಪ್ಪಿದರೆ ದೋಷ ಕಿರಣದ್ದಲ್ಲ, ಪ್ರೋಗ್ರಾಮಿನದೇ.

ಶಂಕುವಿನಾಕಾರದ ಕಿರಣಗಳಿಗೆ ಈ ವಿಧಾನವನ್ನು ಫೆಲ್ಡ್‌ಕಾಂಪ್, ಡೇವಿಸ್ ಮತ್ತು ಕ್ರೆಸ್ 1984ರಲ್ಲಿ ಒಗ್ಗಿಸಿದರು. ಕಡಿಮೆ ವಿಕಿರಣದ ಚಿತ್ರಗಳಿಗೆ ಈಗ ಮರುತಿದ್ದುವ ಕ್ರಮಗಳು ಮತ್ತೆ ಬಂದಿವೆ. ಬೆಂಗಳೂರಿನ ಪಟ್ಟಿಯಂತೂ ಲೇಖಕರಿಬ್ಬರ ಹೆಸರನ್ನು ಮೊಟಕಿಸಿದ ‘ರ‍್ಯಾಮ್–ಲ್ಯಾಕ್’ ಎಂಬ ರೂಪದಲ್ಲಿ ಉಳಿದಿದೆ: MATLABನ `iradon` ಆಜ್ಞೆಗೆ ಫಿಲ್ಟರಿನ ಹೆಸರನ್ನು ಕೊಡದಿದ್ದರೆ ಅದು ತಾನಾಗಿ ಆರಿಸಿಕೊಳ್ಳುವುದು `"Ram-Lak"` ಅನ್ನು.