ಕಿಬ್ಬೊಟ್ಟೆಯ ಸೋಂಕು: ಮೂರು ದಿನಗಳ ವಿಳಂಬವೂ ಏಕೆ ದುಬಾರಿ?

ಗರ್ಭಕೋಶ, ಗರ್ಭನಾಳ ಮತ್ತು ಅಂಡಾಶಯಗಳಿಗೆ ತಗಲುವ ಸೋಂಕನ್ನು ವೈದ್ಯರು ಶ್ರೋಣಿಯ ಉರಿಯೂತ ಅಥವಾ ಪಿ.ಐ.ಡಿ. ಎನ್ನುತ್ತಾರೆ. ಕಾಯಿಲೆ ಖಚಿತವಾಗುವವರೆಗೆ ಕಾಯದೆ ಚಿಕಿತ್ಸೆ ಆರಂಭಿಸಬೇಕಾದ ಕಾಯಿಲೆಗಳಲ್ಲಿ ಇದೂ ಒಂದು. ಇದಕ್ಕೆ ಕಾರಣವೇನೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಯೋನಿಯಲ್ಲಿ ಸಹಜವಾಗಿಯೇ ಅನೇಕ ಬ್ಯಾಕ್ಟೀರಿಯಾಗಳಿರುತ್ತವೆ. ಗರ್ಭಕೋಶದ ಕೊರಳು ಅವು ಮೇಲೇರದಂತೆ ತಡೆಯುತ್ತದೆ. ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯಾ ಅಥವಾ ಗೊನೊರಿಯಾ ಈ ತಡೆಯನ್ನು ಕೆಡಿಸಿದಾಗ ಇತರ ಬ್ಯಾಕ್ಟೀರಿಯಾಗಳೂ ಮೇಲೇರುತ್ತವೆ. ಶುಚಿತ್ವವಿಲ್ಲದೆ ನಡೆದ ಗರ್ಭಪಾತ ಅಥವಾ ಹೆರಿಗೆಯ ನಂತರದ ಸೋಂಕಿನಿಂದಲೂ ಹೀಗಾಗಬಹುದು. ಆದ್ದರಿಂದ ಈ ಕಾಯಿಲೆ ಬಂದ ಮಾತ್ರಕ್ಕೆ ಹೆಣ್ಣಿನ ನಡತೆಯನ್ನು ಶಂಕಿಸುವುದು ತಪ್ಪು. ಯಾವ ಲಕ್ಷಣವೂ ಇಲ್ಲದ ಗಂಡನಿಂದಲೇ ಸೋಂಕು ಬಂದಿರಬಹುದು.

ಗರ್ಭನಾಳದ ಒಳಪದರದಲ್ಲಿ ಅಂಡವನ್ನು ಗರ್ಭಕೋಶದತ್ತ ಸಾಗಿಸುವ ಸೂಕ್ಷ್ಮ ರೋಮಗಳಿವೆ. ಉರಿಯೂತದಿಂದ ಅವು ನಶಿಸಿ ನಾಳದ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಾಳ ಪೂರ್ತಿ ಮುಚ್ಚಿದರೆ ಗರ್ಭ ನಿಲ್ಲದು. ಅರ್ಧ ಮುಚ್ಚಿದರೆ ಭ್ರೂಣವು ನಾಳದಲ್ಲಿಯೇ ಬೆಳೆದು, ನಾಳ ಒಡೆದು ಪ್ರಾಣಾಪಾಯವಾಗಬಹುದು. ಸ್ವೀಡನ್ನಿನ ಲುಂಡ್ ನಗರದಲ್ಲಿ 1960ರಿಂದ 1984ರವರೆಗೆ ಉದರದರ್ಶಕದಿಂದ ಪರೀಕ್ಷಿಸಿದ ಮಹಿಳೆಯರನ್ನು ಅನುಸರಿಸಿದ ಅಧ್ಯಯನವು ಇದನ್ನು ಅಳೆದು ತೋರಿಸಿತು. ಒಮ್ಮೆ ಸೋಂಕಾದವರಲ್ಲಿ ಸುಮಾರು 8 ಶೇಕಡಾ, ಎರಡು ಬಾರಿ ಆದವರಲ್ಲಿ ಸುಮಾರು 20 ಶೇಕಡಾ, ಮೂರು ಅಥವಾ ಹೆಚ್ಚು ಬಾರಿ ಆದವರಲ್ಲಿ ಸುಮಾರು 40 ಶೇಕಡಾ ಮಹಿಳೆಯರಿಗೆ ನಾಳದ ದೋಷದಿಂದ ಬಂಜೆತನ ಉಂಟಾಗಿತ್ತು. ನೋವು ಆರಂಭವಾದ ಮೂರು ದಿನಗಳ ನಂತರ ಚಿಕಿತ್ಸೆಗೆ ಬಂದವರಲ್ಲಿ ಸಂತಾನಶಕ್ತಿಗೆ ಧಕ್ಕೆಯಾಗುವ ಸಾಧ್ಯತೆ, ಬೇಗ ಬಂದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು.

ಒಂದು ಉದಾಹರಣೆಯನ್ನು ಊಹಿಸೋಣ. ಇಪ್ಪತ್ತನಾಲ್ಕರ ಗೃಹಿಣಿಗೆ ನಾಲ್ಕು ದಿನಗಳಿಂದ ಕಿಬ್ಬೊಟ್ಟೆಯ ಎರಡೂ ಬದಿ ನೋವು, ವಾಸನೆಯ ಬಿಳಿಸೆರಗು. ವೈದ್ಯರು ಮೊದಲು ಮೂತ್ರದಲ್ಲಿ ಗರ್ಭಪರೀಕ್ಷೆ ಮಾಡುತ್ತಾರೆ, ನಾಳದಲ್ಲಿ ಗರ್ಭ ನಿಂತಿದ್ದರೂ ನೋವು ಹೀಗೆಯೇ ಇರುತ್ತದೆ. ಬಳಿಕ ಒಳಪರೀಕ್ಷೆ. ಗರ್ಭಕೋಶದ ಕೊರಳನ್ನು ಅಲುಗಿಸಿದಾಗ, ಅಥವಾ ಗರ್ಭಕೋಶ ಇಲ್ಲವೇ ಅದರ ಬದಿಗಳನ್ನು ಒತ್ತಿದಾಗ ನೋವಾದರೆ, ಬೇರೆ ಕಾರಣ ಕಾಣದಿದ್ದಲ್ಲಿ, ಅಷ್ಟೇ ಆಧಾರದ ಮೇಲೆ ಔಷಧ ಆರಂಭಿಸಬಹುದು. ಜ್ವರವಿಲ್ಲ, ಸ್ಕ್ಯಾನಿಂಗ್ ಸರಿಯಿದೆ ಎಂಬುದು ಕಾಯಿಲೆ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಸ್ಕ್ಯಾನಿಂಗಿನಲ್ಲಿ ಕಾಣುವುದು ಮುಖ್ಯವಾಗಿ ಕೀವುಗಡ್ಡೆಯಂತಹ ಮುಂದುವರಿದ ಹಂತ.

ಹಲವು ಬಗೆಯ ಬ್ಯಾಕ್ಟೀರಿಯಾಗಳು ಸೇರಿರುವುದರಿಂದ ಒಂದೇ ಔಷಧ ಸಾಲದು. ಗೊನೊರಿಯಾಕ್ಕೆ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು ಅಥವಾ ಸೆಫಿಕ್ಸಿಮ್ ಮಾತ್ರೆ ಒಮ್ಮೆ; ಕ್ಲಮೈಡಿಯಾಕ್ಕೆ ಡಾಕ್ಸಿಸೈಕ್ಲಿನ್; ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳಿಗೆ ಮೆಟ್ರೊನಿಡಜೋಲ್. ಕೊನೆಯ ಎರಡನ್ನು ದಿನಕ್ಕೆರಡು ಬಾರಿ 14 ದಿನ ಸೇವಿಸಬೇಕು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಸೆಫಿಕ್ಸಿಮ್ ಇರುವ ಈ ಮೂರರ ಕಟ್ಟು 'ಕಿಟ್ 6' ಎಂಬ ಹಳದಿ ಪೊಟ್ಟಣವಾಗಿ ಬಳಕೆಗೆ ಬಂದಿದೆ. ಇದು ರಾಷ್ಟ್ರೀಯ ಯೋಜನೆಯಾದ್ದರಿಂದ ಕಾಸರಗೋಡಾಗಲಿ, ತಾಳವಾಡಿಯಾಗಲಿ, ಅಕ್ಕಲಕೋಟೆಯಾಗಲಿ, ಸಂಖ್ಯೆ ಮತ್ತು ಬಣ್ಣ ಅವೇ. ಗರ್ಭಿಣಿಯರಿಗೆ ಡಾಕ್ಸಿಸೈಕ್ಲಿನ್ ಸಲ್ಲದು. ಅವರನ್ನು ಆಸ್ಪತ್ರೆಗೆ ದಾಖಲಿಸಿ ಬೇರೆ ಔಷಧ ಕೊಡುತ್ತಾರೆ.

ನಮ್ಮ ಉದಾಹರಣೆಯ ಗೃಹಿಣಿ ಮೂರನೆಯ ದಿನ ಮರಳಿ ವೈದ್ಯರನ್ನು ಕಾಣಬೇಕು. ಅಷ್ಟರಲ್ಲಿ ನೋವು ಇಳಿಯತೊಡಗದಿದ್ದರೆ ಕೀವುಗಡ್ಡೆಯನ್ನೋ, ಅಪೆಂಡಿಸೈಟಿಸ್ಸನ್ನೋ ಶಂಕಿಸಿ ದಾಖಲಿಸಿಕೊಳ್ಳುತ್ತಾರೆ. ತಿಂಗಳುಗಟ್ಟಲೆ ಮಂದನೋವಿದ್ದು ಈ ಔಷಧಗಳಿಗೆ ಬಗ್ಗದಿದ್ದರೆ ಗರ್ಭನಾಳದ ಕ್ಷಯವನ್ನೂ ಪರೀಕ್ಷಿಸಬೇಕು. ಐದನೆಯ ದಿನಕ್ಕೆ ನೋವು ಹೋಯಿತೆಂದು ಮಾತ್ರೆ ಬಿಡುವುದು ಸಾಮಾನ್ಯ ತಪ್ಪು. ಗಂಡನಿಗೆ ಲಕ್ಷಣವಿಲ್ಲದಿದ್ದರೂ ಚಿಕಿತ್ಸೆಯಾಗಬೇಕು. ಇಬ್ಬರ ಚಿಕಿತ್ಸೆ ಮುಗಿಯುವವರೆಗೆ ಸಂಪರ್ಕ ಕೂಡದು. ಇಲ್ಲವಾದರೆ ಎರಡನೆಯ ಬಾರಿ ಸೋಂಕಾಗುತ್ತದೆ, ಲುಂಡಿನ ಲೆಕ್ಕದ ಎರಡನೆಯ ಮೆಟ್ಟಿಲು ಅದೇ.

ಔಷಧವು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಆಗಲೇ ಅಂಟಿಕೊಂಡ ನಾಳವನ್ನು ಬಿಡಿಸದು. ವೈದ್ಯರಿಗೆ ಕನ್ನಡ ತಿಳಿಯದ ಕಡೆ ಸಂಕೋಚದಿಂದ 'ಹೊಟ್ಟೆನೋವು' ಎಂದಷ್ಟೇ ಹೇಳಿದರೆ ಗ್ಯಾಸಿನ ಮಾತ್ರೆ ದೊರೆತು ಆ ಮೂರು ದಿನಗಳು ಕಳೆದುಹೋಗುತ್ತವೆ. ನೋವಿನ ಜಾಗವನ್ನು ಕೈಯಿಂದ ತೋರಿಸಿ, ಸೆರಗು, ಕೊನೆಯ ಮುಟ್ಟಿನ ದಿನ ಮತ್ತು ಸಂಪರ್ಕದ ವೇಳೆ ನೋವಾಗುವುದೇ ಎಂಬುದನ್ನು, ಅಗತ್ಯವಿದ್ದರೆ ಸ್ಥಳೀಯ ಆಶಾ ಕಾರ್ಯಕರ್ತೆಯ ನೆರವಿನಿಂದ, ತಿಳಿಸಬೇಕು.