ಜ್ವರಕ್ಕೊಂದು, ಶೀತಕ್ಕೊಂದು, ಮೈಕೈ ನೋವಿಗೊಂದು ಗುಳಿಗೆ: ಮೂರರಲ್ಲೂ ಒಂದೇ ಔಷಧಿ ಇದ್ದರೆ? ದಿನದ ಲೆಕ್ಕ ಹೀಗೆ ಹಾಕಿ

ಹೆಗ್ಗೋಡು: ಅಡಕೆ ಕೊಯ್ಲಿನ ಹೊತ್ತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಭಾಗದಲ್ಲಿ ಜ್ವರ, ಶೀತ, ಮೈಕೈ ನೋವು ಒಟ್ಟಿಗೇ ಬರುತ್ತವೆ. ಕೆಲಸ ಬಿಟ್ಟು ಮಲಗಲು ಆಗುವುದಿಲ್ಲ. ಮನೆಯಲ್ಲಿದ್ದ ಜ್ವರದ ಗುಳಿಗೆ ಒಂದು, ಅಂಗಡಿಯಿಂದ ತಂದ ಶೀತದ ಗುಳಿಗೆ ಒಂದು, ರಾತ್ರಿ ಮೈ ನೋವಿಗೆ ಇನ್ನೊಂದು. ಮೂರಕ್ಕೂ ಹೆಸರು ಬೇರೆ, ಬಣ್ಣ ಬೇರೆ, ಕಂಪನಿ ಬೇರೆ. ಆದರೆ ಮೂರರ ಒಳಗೂ ಪ್ಯಾರಸಿಟಮಾಲ್ ಇರುವುದು ತುಂಬಾ ಸಾಮಾನ್ಯ.

ಪ್ಯಾರಸಿಟಮಾಲ್ ಕೆಟ್ಟ ಔಷಧಿ ಅಲ್ಲ. ಸರ್ಕಾರಿ ಆಸ್ಪತ್ರೆಯಲ್ಲೂ ಜ್ವರಕ್ಕೆ ಮೊದಲು ಕೊಡುವುದು ಅದನ್ನೇ. ತೊಂದರೆ ಆಗುವುದು ಗೊತ್ತಿಲ್ಲದೆ ಎರಡು ಮೂರು ಕಡೆಯಿಂದ ಒಂದೇ ಔಷಧಿ ಹೊಟ್ಟೆ ಸೇರಿದಾಗ. ಮಿತಿ ಮೀರಿದರೆ ಪೆಟ್ಟು ಬೀಳುವುದು ಲಿವರ್‌ಗೆ.

ಎಲ್ಲೆಲ್ಲಿ ಅಡಗಿದೆ?

ಡೋಲೋ 650 ರಲ್ಲಿ 650 ಮಿಲಿಗ್ರಾಂ ಪ್ಯಾರಸಿಟಮಾಲ್ ಇದೆ. ಇದು ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದ್ದು ಉಳಿದವು. ಕಾಂಬಿಫ್ಲಾಮ್‌ನಲ್ಲಿ 400 ಮಿಲಿಗ್ರಾಂ ಐಬುಪ್ರೊಫೆನ್ ಜೊತೆ 325 ಮಿಲಿಗ್ರಾಂ ಪ್ಯಾರಸಿಟಮಾಲ್ ಇದೆ. ಸೊಂಟ ನೋವು, ಮಂಡಿ ನೋವಿಗೆ ಬರೆದುಕೊಡುವ ಜೆರೋಡಾಲ್ ಪಿ ಯಲ್ಲೂ 325 ಇದೆ. ತಲೆನೋವಿನ ಸಾರಿಡಾನ್‌ನಲ್ಲಿ 250 ಇದೆ. ಮೂಗು ಸೋರುವುದಕ್ಕೆ, ಮೂಗು ಕಟ್ಟಿದ್ದಕ್ಕೆ ಕೊಡುವ ಶೀತದ ಗುಳಿಗೆಗಳಲ್ಲಿ ಸಾಮಾನ್ಯವಾಗಿ 325 ಅಥವಾ 500 ಇರುತ್ತದೆ.

ಇಂಜೆಕ್ಷನ್ ಕೂಡ ಲೆಕ್ಕಕ್ಕೆ ಬರಬೇಕು. ಕ್ಲಿನಿಕ್‌ನಲ್ಲಿ ಸೊಂಟಕ್ಕೆ ಹಾಕುವ ‘ಜ್ವರದ ಇಂಜೆಕ್ಷನ್’ ಬಹಳ ಸಲ ಪ್ಯಾರಸಿಟಮಾಲ್ ಆಗಿರುತ್ತದೆ. ಸಾಮಾನ್ಯವಾಗಿ ಸಿಗುವ 2 ಎಂಎಲ್‌ನಲ್ಲಿ 300 ಮಿಲಿಗ್ರಾಂ ಇರುತ್ತದೆ. ಡ್ರಿಪ್‌ನಲ್ಲಿ ಕೊಡುವ 100 ಎಂಎಲ್ ಬಾಟಲಿಯಲ್ಲಾದರೆ 1000. ‘ಈಗ ಹಾಕಿದ್ದು ಯಾವುದು, ಮನೆಗೆ ಹೋಗಿ ಗುಳಿಗೆ ಯಾವಾಗ ತಗೋಬಹುದು’ ಎಂದು ಅಲ್ಲೇ ಕೇಳಿಕೊಂಡು ಬನ್ನಿ.

ಅಮೆರಿಕದಲ್ಲಿರುವ ಮಕ್ಕಳು ಬರುವಾಗ ತಂದಿಟ್ಟ ಡಬ್ಬಿಗಳಿದ್ದರೆ ಇನ್ನೊಂದು ಗೊಂದಲ. ಅಲ್ಲಿ ಈ ಔಷಧಿಗೆ ಅಸಿಟಮಿನೋಫೆನ್ ಎನ್ನುತ್ತಾರೆ. ಟೈಲೆನಾಲ್ ಎಂದರೂ ಅದೇ. ಡೇಕ್ವಿಲ್, ನೈಕ್ವಿಲ್ ಕ್ಯಾಪ್ಸೂಲ್‌ನಲ್ಲೂ ಅದು ಇದೆ. ಹೆಸರು ಎರಡು, ವಸ್ತು ಒಂದೇ.

ಲೇಬಲ್‌ನಲ್ಲಿ ಏನು ನೋಡಬೇಕು?

ಸ್ಟ್ರಿಪ್ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ಅದನ್ನು ಬಿಡಿ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಪ್ರತಿ ಮಾತ್ರೆಯಲ್ಲಿ ಇರುವುದು’ ಎಂಬ ಅರ್ಥದ ಇಂಗ್ಲಿಷ್ ಸಾಲು ಇರುತ್ತದೆ. ಅದರ ಕೆಳಗೆ ಒಂದೊಂದು ಔಷಧಿಯ ಹೆಸರು, ಅದರ ಎದುರಿಗೆ ಎಷ್ಟು ಮಿಲಿಗ್ರಾಂ ಎಂಬ ಅಂಕಿ. ಪ್ಯಾರಸಿಟಮಾಲ್ ಎದುರಿಗಿರುವ ಅಂಕಿ ಮಾತ್ರ ನಿಮಗೆ ಬೇಕು. ಕಣ್ಣು ಹಿಡಿಯದಿದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಬ್ರ್ಯಾಂಡ್ ಹೆಸರಿನ ಪಕ್ಕದ ಅಂಕಿಯನ್ನೇ ನಂಬಬೇಡಿ. ಹೆಸರಿನಲ್ಲಿ ಅಂಕಿಯೇ ಇಲ್ಲದ ಗುಳಿಗೆಯಲ್ಲೂ 500 ಇರಬಹುದು. ಒಂದೇ ಹೆಸರಿನಲ್ಲಿ ‘ಪ್ಲಸ್’, ‘ಕೋಲ್ಡ್’, ‘ಫೋರ್ಟ್’ ಎಂದು ಬೇರೆ ಬೇರೆ ಗುಳಿಗೆಗಳು ಬರುತ್ತವೆ. ಪ್ರತಿ ಸಲವೂ ಕೈಯಲ್ಲಿರುವ ಸ್ಟ್ರಿಪ್ ಓದುವುದೊಂದೇ ದಾರಿ.

ಒಂದು ಲೆಕ್ಕ ಹಾಕಿ ನೋಡೋಣ

ತೋಟದ ಕೆಲಸ ಮಾಡುವ, 60 ಕೆಜಿ ತೂಕದ ಒಬ್ಬರು ಅಂದುಕೊಳ್ಳಿ. ಬೆಳಿಗ್ಗೆ 6 ರಿಂದ ಮರುದಿನ ಬೆಳಿಗ್ಗೆ 6 ರವರೆಗೆ ಅವರು ತಗೊಂಡಿದ್ದು ಇಷ್ಟು:

- ಜ್ವರದ ಗುಳಿಗೆ, 650 ರದ್ದು, ನಾಲ್ಕು ಸಲ: 2600
- ಶೀತದ ಗುಳಿಗೆ, 500 ಇರುವುದು, ಮೂರು ಸಲ: 1500
- ಮೈಕೈ ನೋವಿನ ಗುಳಿಗೆ, 325 ಇರುವುದು, ಎರಡು ಸಲ: 650
- ಒಟ್ಟು: 4750 ಮಿಲಿಗ್ರಾಂ

ಆರೋಗ್ಯವಂತ ದೊಡ್ಡವರಿಗೆ 24 ಗಂಟೆಯಲ್ಲಿ ಹೆಚ್ಚೆಂದರೆ 4000 ಮಿಲಿಗ್ರಾಂ. ಇಲ್ಲಿ 750 ಮೀರಿಹೋಯಿತು. ಗಮನಿಸಿ, ಮೂರರಲ್ಲಿ ಯಾವುದನ್ನೂ ಅವರು ‘ಜಾಸ್ತಿ’ ನುಂಗಿಲ್ಲ. ಜ್ವರದ್ದು ನಾಲ್ಕೇ ಸಲ, ಅದೊಂದೇ ಆಗಿದ್ದರೆ ಮಿತಿಯ ಒಳಗೇ ಇತ್ತು. ಶೀತದ್ದೂ ಹೇಳಿದಷ್ಟೇ. ಒಂದೊಂದೂ ಸರಿ, ಕೂಡಿದರೆ ತಪ್ಪು.

ಅದೇ ಗುಳಿಗೆಗಳನ್ನು 45 ಕೆಜಿ ತೂಕದ ಅವರ ಅಮ್ಮ ತಗೊಂಡರೆ ಅಪಾಯ ಇನ್ನೂ ಹೆಚ್ಚು. 50 ಕೆಜಿಗಿಂತ ಕಡಿಮೆ ಇರುವವರಿಗೆ ತೂಕದ ಲೆಕ್ಕ ಹಿಡಿಯಬೇಕು: ಒಂದು ಕೆಜಿಗೆ ದಿನಕ್ಕೆ 60 ಮಿಲಿಗ್ರಾಂ. 45 ನ್ನು 60 ರಿಂದ ಗುಣಿಸಿದರೆ 2700. ಅಂದರೆ 650 ರ ಗುಳಿಗೆ ನಾಲ್ಕು ತಗೊಂಡರೆ ಅಲ್ಲಿಗೆ ಮುಗಿಯಿತು. ಮೇಲೆ ಒಂದೇ ಒಂದು ಶೀತದ ಗುಳಿಗೆ ಬಿದ್ದರೂ ಮಿತಿ ದಾಟುತ್ತದೆ.

ದಿನಾ ಕುಡಿಯುವವರು, ಲಿವರ್ ತೊಂದರೆ ಇರುವವರು, ನಾಲ್ಕೈದು ದಿನದಿಂದ ಸರಿಯಾಗಿ ಊಟ ಸೇರದವರು 4000 ಎಂಬ ಅಂಕಿಯನ್ನು ತಮ್ಮದೆಂದು ತಿಳಿಯಬಾರದು. ಎಷ್ಟು ಎಂದು ಡಾಕ್ಟರನ್ನೇ ಕೇಳಬೇಕು.

ಇದಕ್ಕೆ ಕಾರಣ ಸರಳ. ಪ್ಯಾರಸಿಟಮಾಲ್‌ನ ಸ್ವಲ್ಪ ಭಾಗ ಲಿವರ್‌ನಲ್ಲಿ ವಿಷವಾಗಿ ಬದಲಾಗುತ್ತದೆ. ಆ ವಿಷವನ್ನು ಕೊಲ್ಲಲು ಲಿವರ್ ಹತ್ತಿರ ಗ್ಲುಟಾಥಿಯೋನ್ ಎಂಬ ದಾಸ್ತಾನು ಇರುತ್ತದೆ. ಗುಳಿಗೆ ಮಿತಿಯಲ್ಲಿದ್ದರೆ ದಾಸ್ತಾನು ಸಾಕಾಗುತ್ತದೆ. ಉಪವಾಸ, ಕುಡಿತದಿಂದ ಆ ದಾಸ್ತಾನು ಮೊದಲೇ ಇಳಿದಿದ್ದರೆ ವಿಷ ಉಳಿದು ಲಿವರ್‌ನ ಜೀವಕೋಶಗಳನ್ನೇ ಸುಡುತ್ತದೆ.

ಗುಣಿಸುವುದು, ಕೂಡುವುದು ತಾಪತ್ರಯ ಅನಿಸಿದರೆ ಒಂದೇ ನಿಯಮ ಸಾಕು: ಒಂದು ಹೊತ್ತಿಗೆ ಪ್ಯಾರಸಿಟಮಾಲ್ ಇರುವ ಒಂದೇ ಗುಳಿಗೆ, ಇನ್ನೊಂದಕ್ಕೆ ಕಡಿಮೆ ಎಂದರೂ 6 ಗಂಟೆ ಅಂತರ. ಜ್ವರದ ಗುಳಿಗೆ ನಡೆಯುತ್ತಿದ್ದರೆ ಮೆಡಿಕಲ್‌ನಲ್ಲಿ ‘ಪ್ಯಾರಸಿಟಮಾಲ್ ಇಲ್ಲದ ಶೀತದ ಗುಳಿಗೆ ಕೊಡಿ’ ಎಂದೇ ಕೇಳಿ. ತಗೊಂಡ ಹೊತ್ತು ಮತ್ತು ಅಂಕಿಯನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ಜ್ವರದಲ್ಲಿ ಮಲಗಿದವರಿಗೆ ಮಧ್ಯಾಹ್ನ ತಗೊಂಡೆನೋ ಇಲ್ಲವೋ ನೆನಪಿರುವುದಿಲ್ಲ.

ಇಲ್ಲಿ ಹೇಳಿದ ಲೆಕ್ಕ ದೊಡ್ಡವರದ್ದು. ಮಕ್ಕಳ ಸಿರಪ್ಪು 5 ಎಂಎಲ್‌ಗೆ 120, 125, 250 ಎಂದು ಬೇರೆ ಬೇರೆ ಬಲದಲ್ಲಿ ಬರುತ್ತದೆ. ಹಸುಗೂಸಿನ ಡ್ರಾಪ್ಸ್ 1 ಎಂಎಲ್‌ನಲ್ಲೇ 100 ಇರಬಹುದು. ಅಕ್ಕನ ಮಗುವಿನ ಸಿರಪ್ಪಿನ ಅಳತೆ ತಂಗಿಯ ಮಗುವಿಗೆ ಆಗುವುದಿಲ್ಲ. ಮಗುವಿನ ತೂಕ ಹೇಳಿ, ಬಾಟಲಿ ತೋರಿಸಿ ಅಳತೆ ಬರೆಸಿಕೊಳ್ಳಿ.

ಅಂಗಡಿಯವರು ಗಮನಿಸಬೇಕಾದ್ದು: ಕತ್ತರಿಸಿದ ಸ್ಟ್ರಿಪ್

ಹತ್ತರ ಸ್ಟ್ರಿಪ್‌ನಿಂದ ಎರಡು ಗುಳಿಗೆ ಕತ್ತರಿಸಿ ಕೊಡುವುದು ನಮ್ಮಲ್ಲಿ ರೂಢಿ. ಹಾಗೆ ಕತ್ತರಿಸಿದ ತುಂಡಿನಲ್ಲಿ ಬಹಳ ಸಲ ಬೆಳ್ಳಿ ಹಾಳೆ ಮಾತ್ರ ಉಳಿಯುತ್ತದೆ. ಒಳಗೆ ಏನಿದೆ, ಎಷ್ಟಿದೆ, ಎಲ್ಲಿಯವರೆಗೆ ಬಳಸಬಹುದು ಎಂಬುದು ಇನ್ನೊಂದು ತುಂಡಿಗೆ ಹೋಗಿರುತ್ತದೆ. ಕೊಂಡವರು ಲೆಕ್ಕ ಹಾಕಬೇಕೆಂದರೂ ಅಂಕಿಯೇ ಕೈಯಲ್ಲಿಲ್ಲ.

ಕಾನೂನಿನಲ್ಲೂ ಇದರ ಮಾತಿದೆ. ಔಷಧಿ ನಿಯಮಗಳ ‘ಕೆ’ ಅನುಸೂಚಿಯ ಪ್ರಕಾರ, 1000 ಕ್ಕಿಂತ ಹೆಚ್ಚು ಜನಸಂಖ್ಯೆ ಇಲ್ಲದ ಹಳ್ಳಿಯಲ್ಲಿ ಪ್ಯಾರಸಿಟಮಾಲ್ ಗುಳಿಗೆಯಂಥ ಕೆಲವು ಮನೆಮದ್ದಿನ ಔಷಧಿಗಳನ್ನು ಲೈಸೆನ್ಸ್ ಇಲ್ಲದೆ ಮಾರಬಹುದು. ಆದರೆ ಕಂಪನಿಯ ಪ್ಯಾಕ್ ಒಡೆಯದೆ ಹಾಗೆಯೇ ಕೊಡಬೇಕು. ಐಬುಪ್ರೊಫೆನ್ ಸೇರಿದ ಗುಳಿಗೆ ಈ ವಿನಾಯಿತಿಯೊಳಗೆ ಬರುವುದಿಲ್ಲ. ಮೆಡಿಕಲ್‌ನಲ್ಲಿ ಬಿಡಿ ಗುಳಿಗೆ ಕೊಡುವಾಗ ಹೆಸರು ಮತ್ತು ಮಿಲಿಗ್ರಾಂ ಅನ್ನು ಕವರ್ ಮೇಲೆ ಬರೆದುಕೊಟ್ಟರೆ ಒಂದು ನಿಮಿಷದ ಕೆಲಸ. ‘ಮನೆಯಲ್ಲಿ ಜ್ವರದ ಗುಳಿಗೆ ತಗೊಂಡಿದ್ದೀರಾ?’ ಎಂದು ಒಂದು ಮಾತು ಕೇಳಿದರೆ ಅರ್ಧ ಅಪಾಯ ಅಲ್ಲೇ ತಪ್ಪುತ್ತದೆ.

ನಮ್ಮ ಭಾಗದಲ್ಲಿ ಇನ್ನೂ ಒಂದು ಕಾರಣ

1957 ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈ ಮೂರು ತಾಲ್ಲೂಕಿಗೆ ಹೊಸದಲ್ಲ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018ರ ಕೊನೆ ಮತ್ತು 2019 ರಲ್ಲಿ ಕಂಡಿದ್ದನ್ನು ಯಾರೂ ಮರೆತಿಲ್ಲ. ಉಣುಗು ಕಚ್ಚಿ ಬರುವ ಈ ಕಾಯಿಲೆ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ಒಳಗೆ ಕಾಣಿಸುತ್ತದೆ. ಶುರುವಾಗುವುದು ಏಕಾಏಕಿ ಜ್ವರ, ತಲೆನೋವು, ವಿಪರೀತ ಮೈಕೈ ನೋವಿನಿಂದ. ಅಂದರೆ ಜನ ಎರಡು ಮೂರು ಬಗೆಯ ಗುಳಿಗೆ ಒಟ್ಟಿಗೆ ನುಂಗುವ ಲಕ್ಷಣಗಳೇ ಇವು.

ಇಲ್ಲಿ ಎರಡು ಕಡೆಯಿಂದ ಅಪಾಯ ಇದೆ. ಮಂಗನ ಕಾಯಿಲೆಯಲ್ಲೂ ಡೆಂಗಿಯಲ್ಲೂ ಲಿವರ್‌ಗೆ ಮೊದಲೇ ಪೆಟ್ಟು ಬಿದ್ದಿರಬಹುದು, ಅದರ ಮೇಲೆ ಪ್ಯಾರಸಿಟಮಾಲ್ ಹೊರೆ ಬೀಳಬಾರದು. ಎರಡನೆಯದು, ಈ ಕಾಯಿಲೆಗಳಲ್ಲಿ ರಕ್ತದ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವ ಆಗಬಹುದು. ಆಗ ಐಬುಪ್ರೊಫೆನ್, ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್, ಆಸ್ಪಿರಿನ್ ಇರುವ ನೋವಿನ ಗುಳಿಗೆ ಡಾಕ್ಟರ್ ಹೇಳದೆ ಮುಟ್ಟಬಾರದು. ಕಾಡಿಗೆ, ಸೊಪ್ಪಿಗೆ, ದರಗಿಗೆ ಹೋಗಿ ಬಂದವರಿಗೆ ಜೋರು ಜ್ವರ ಬಂದರೆ ಗುಳಿಗೆಯಲ್ಲಿ ದಿನ ತಳ್ಳದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು.

ಮಿತಿ ಮೀರಿದೆ ಅನಿಸಿದರೆ

ಮೊದಲ ದಿನ ಏನೂ ಗೊತ್ತಾಗದಿರಬಹುದು. ಆದರೆ ವಾಕರಿಕೆ, ವಾಂತಿ, ಬೆವರು, ಅಷ್ಟೇ. ಜ್ವರ ಇದ್ದವರಿಗೆ ಅದು ಜ್ವರದ್ದೇ ಅನಿಸುತ್ತದೆ. ಎರಡು ಮೂರನೇ ದಿನ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಶುರುವಾಗಬಹುದು. ಕಣ್ಣು ಹಳದಿಯಾಗುವುದು, ಮಾತು ತೊದಲುವುದು, ಮಂಪರು ಬರುವುದು ಆಮೇಲೆ. ಅಷ್ಟು ಹೊತ್ತಿಗೆ ಲಿವರ್ ಬಹಳ ಹಾಳಾಗಿರುತ್ತದೆ.

ಅದಕ್ಕೇ ಲಕ್ಷಣಕ್ಕೆ ಕಾಯಬಾರದು. ಲೆಕ್ಕ ಹಾಕಿದಾಗ ಮಿತಿ ದಾಟಿದ್ದು ಕಂಡರೆ ಪ್ಯಾರಸಿಟಮಾಲ್ ನಿಲ್ಲಿಸಿ, ಆರಾಮ ಅನಿಸುತ್ತಿದ್ದರೂ ಅದೇ ದಿನ ಡಾಕ್ಟರಿಗೆ ತೋರಿಸಿ. ಒಂದೇ ಸಲಕ್ಕೆ ಬಹಳ ಗುಳಿಗೆ ನುಂಗಿದ್ದರೆ ತಕ್ಷಣ 108 ಕ್ಕೆ ಕರೆ ಮಾಡಿ. ಇದಕ್ಕೆ ಎನ್-ಅಸಿಟೈಲ್ ಸಿಸ್ಟೀನ್ ಎಂಬ ಪ್ರತಿವಿಷ ಇದೆ. ನುಂಗಿದ 8 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ತಡವಾದರೂ ಹೋಗಲೇಬೇಕು. ಸಾಗರದ ಉಪವಿಭಾಗೀಯ ಆಸ್ಪತ್ರೆಗಾಗಲಿ, ತೀರ್ಥಹಳ್ಳಿಯ ಜೆಸಿ ಆಸ್ಪತ್ರೆಗಾಗಲಿ, ಶಿವಮೊಗ್ಗದ ಮೆಗ್ಗಾನ್‌ಗಾಗಲಿ ಹೋಗುವಾಗ ಮನೆಯಲ್ಲಿರುವ ಎಲ್ಲಾ ಸ್ಟ್ರಿಪ್‌ಗಳನ್ನೂ, ಖಾಲಿಯಾದದ್ದನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾವುದು ಎಷ್ಟು ಹೊಟ್ಟೆಗೆ ಹೋಗಿದೆ ಎಂದು ಡಾಕ್ಟರ್ ಲೆಕ್ಕ ಹಾಕುವುದು ಅದನ್ನು ನೋಡಿಯೇ.